ತಿಂಡಿ ಸೇರಿದರೆ ಬಿಲ್ಲು ಏಕೆ ಜಿಗಿಯುತ್ತದೆ?

ಚಿಕ್ಕಮಗಳೂರಿನ ಬೆಟ್ಟದ ಹಾದಿಯಲ್ಲಿರುವ ಹೋಟೆಲೊಂದರ ದರಪಟ್ಟಿ ಹೀಗಿದೆ ಎಂದುಕೊಳ್ಳಿ. ಡೀಲಕ್ಸ್ ಡಬಲ್ ರೂಮು, ಎಕ್ಸ್-ಬ್ರೇಕ್‌ಫಾಸ್ಟ್, 7,200 ರೂಪಾಯಿ. ಅದೇ ರೂಮು ಬೆಳಗಿನ ತಿಂಡಿ ಸೇರಿ 7,900. ಇನ್‌ಕ್ಲೂಸಿವ್ ಆಫ್ ಮೀಲ್ಸ್, ಅಂದರೆ ತಿಂಡಿಯ ಜೊತೆ ಎರಡು ಹೊತ್ತಿನ ಊಟವೂ ಸೇರಿ, 10,400. ಕಾರ್ಡಿನ ತಳದಲ್ಲಿ, ಕನ್ನಡಕ ಹುಡುಕುವಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ: ಎಲ್ಲಾ ದರಗಳೂ ಪ್ಲಸ್ ಟ್ಯಾಕ್ಸಸ್.

ಹಾವೇರಿಯಿಂದ ಬಂದ ಗಂಡ-ಹೆಂಡತಿ ಕೌಂಟರಿನಲ್ಲಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ತಿಂಡಿಗೆ 700 ಹೆಚ್ಚು, ಅಂದರೆ ತಲೆಗೆ 350. ಬೆಟ್ಟದ ಮೇಲೆ ಬೆಳಗ್ಗೆ ಎಲ್ಲಿ ಹುಡುಕುವುದು, ಇರಲಿ ಬಿಡಿ ಎಂದು ಎರಡನೆಯದನ್ನು ಆರಿಸುತ್ತಾರೆ. ಮರುದಿನ ಬಂದ ಬಿಲ್ಲು 9,322 ರೂಪಾಯಿ. ತಿಂಡಿ ಬೇಡ ಎಂದಿದ್ದರೆ 7,560 ಬರುತ್ತಿತ್ತು. ಇಬ್ಬರ ಇಡ್ಲಿ, ದೋಸೆ, ಕಾಫಿಗೆ ಬಿದ್ದ ಖರ್ಚು 700 ಅಲ್ಲ, 1,762. ಹೋಟೆಲಿನವರು ಮೋಸ ಮಾಡಿಲ್ಲ. ಬಿಲ್ಲು ಕಾನೂನಿನ ಪ್ರಕಾರವೇ ಇದೆ. ಕಾರ್ಡಿನಲ್ಲಿದ್ದ ಅಂಕಿಗಳೂ ಸುಳ್ಳಲ್ಲ. ಆ ಅಂಕಿಗಳ ಹಿಂದೆ ಮುಂದೆ ಇದ್ದ ಇಂಗ್ಲಿಷ್ ಮಾತುಗಳು ಒಂದರ ಮೇಲೊಂದು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಮೊದಲು ಪ್ಲಸ್ ಟ್ಯಾಕ್ಸಸ್ ನೋಡೋಣ. ಕಾರ್ಡಿನಲ್ಲಿ ಬರೆದ ದರ ಹೋಟೆಲಿಗೆ ಸಲ್ಲುವ ಹಣ. ಅದರ ಮೇಲೆ ಸರ್ಕಾರಕ್ಕೆ ಸಲ್ಲುವ ಜಿಎಸ್‌ಟಿಯನ್ನು ನೀವು ಬೇರೆಯಾಗಿ ಕೊಡಬೇಕು ಎಂದು ಅದರ ಅರ್ಥ. ಕೆಲವು ಕಡೆ ‘ಟ್ಯಾಕ್ಸ್ ಎಕ್ಸ್‌ಟ್ರಾ’ ಎಂದೂ ಬರೆದಿರುತ್ತಾರೆ, ಎರಡೂ ಒಂದೇ. ಎಷ್ಟು ಜಿಎಸ್‌ಟಿ ಎಂಬುದನ್ನು ಮಾತ್ರ ಕಾರ್ಡು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಕಾರಣವೂ ಇದೆ: ಹೋಟೆಲ್ ರೂಮಿಗೆ ಇರುವುದು ಒಂದೇ ದರದ ತೆರಿಗೆಯಲ್ಲ.

2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ಲೆಕ್ಕ ಹೀಗೆ. ಒಂದು ರೂಮಿಗೆ, ಒಂದು ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ ಶೇಕಡಾ 5. ಅದನ್ನು ದಾಟಿದರೆ ಶೇಕಡಾ 18. ಅದಕ್ಕೆ ಮೊದಲು ಕೆಳಗಿನ ಹಂತಕ್ಕೆ ಶೇಕಡಾ 12 ಇತ್ತು. ಹಳೆಯ ಕಾರ್ಡನ್ನೇ ಇಟ್ಟುಕೊಂಡಿರುವ ಲಾಡ್ಜುಗಳಲ್ಲಿ ‘12% ಜಿಎಸ್‌ಟಿ ಪ್ರತ್ಯೇಕ’ ಎಂದು ಅಚ್ಚಾಗಿರುವುದು ಕಂಡರೆ ಗಾಬರಿ ಬೇಡ. ಬಿಲ್ಲಿನಲ್ಲಿಯೂ ಹಾಗೇ ಹಾಕಿದರೆ ಮಾತ್ರ ಕೇಳಲೇಬೇಕು. ಹಾಗೆಯೇ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ತೆರಿಗೆಯೇ ಇಲ್ಲ ಎಂದು ಹಲವರು ಈಗಲೂ ನಂಬಿದ್ದಾರೆ. ಆ ವಿನಾಯಿತಿ 2022ರ ಜುಲೈ 18ಕ್ಕೇ ಮುಗಿಯಿತು. ಬಸ್ ಸ್ಟ್ಯಾಂಡ್ ಎದುರಿನ 800 ರೂಪಾಯಿಯ ರೂಮಿಗೂ, ಲಾಡ್ಜಿನವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, 40 ರೂಪಾಯಿ ಸೇರುತ್ತದೆ.

ಬಿಲ್ಲಿನಲ್ಲಿ ಇದು ಎರಡು ಸಾಲಾಗಿ ಬರುತ್ತದೆ: ಸಿಜಿಎಸ್‌ಟಿ ಶೇಕಡಾ 2.5, ಎಸ್‌ಜಿಎಸ್‌ಟಿ ಶೇಕಡಾ 2.5. ಎರಡು ಸಲ ತೆರಿಗೆ ಹಾಕಿದ್ದಾರೆ ಎಂದು ಕೌಂಟರಿನಲ್ಲಿ ಜಗಳ ತೆಗೆಯುವವರಿದ್ದಾರೆ. ಹಾಗಲ್ಲ, ಒಂದೇ ಶೇಕಡಾ 5 ಕೇಂದ್ರಕ್ಕೂ ರಾಜ್ಯಕ್ಕೂ ಸಮನಾಗಿ ಹಂಚಿಹೋಗುತ್ತಿದೆ.

ಈಗ ಆ 7,500ರ ಗೆರೆಗೆ ಬರೋಣ, ಮುಖ್ಯ ವಿಷಯ ಅಲ್ಲೇ ಇದೆ. ಆದಾಯ ತೆರಿಗೆಯಲ್ಲಿ ಒಂದು ಹಂತ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಹೋಟೆಲ್ ರೂಮಿನಲ್ಲಿ ಹಾಗಿಲ್ಲ. ಗೆರೆ ದಾಟಿದ ಕ್ಷಣ ಪೂರ್ತಿ ಮೊತ್ತಕ್ಕೇ ಶೇಕಡಾ 18. ರೂಮು ಸರಿಯಾಗಿ 7,500 ಇದ್ದರೆ ತೆರಿಗೆ ಸೇರಿ 7,875. ಬರೀ ನೂರು ರೂಪಾಯಿ ಹೆಚ್ಚಾಗಿ 7,600 ಆದರೆ ತೆರಿಗೆ ಸೇರಿ 8,968. ನೂರು ರೂಪಾಯಿ ಹೋಟೆಲಿಗೆ ಹೋಯಿತು, ಜೊತೆಗೆ 993 ಸರ್ಕಾರಕ್ಕೆ ಹೋಯಿತು.

ಇಲ್ಲಿ ಗಿರಾಕಿಯ ಪರವಾಗಿರುವ ಒಂದು ಸಂಗತಿಯಿದೆ. ತೆರಿಗೆಯ ಹಂತ ನಿರ್ಧಾರವಾಗುವುದು ಕಾರ್ಡಿನಲ್ಲಿ ಅಚ್ಚಾದ ದರದ ಮೇಲಲ್ಲ, ನಿಮ್ಮಿಂದ ನಿಜವಾಗಿ ತೆಗೆದುಕೊಂಡ ದರದ ಮೇಲೆ. ಜಿಎಸ್‌ಟಿ ಬಂದ ಹೊಸತರಲ್ಲಿ ಘೋಷಿತ ದರವನ್ನೇ ನೋಡುತ್ತಿದ್ದರು. 2018ರ ಜುಲೈನಲ್ಲಿ ಆ ನಿಯಮ ಬದಲಾಯಿತು. ಹಾಗಾಗಿ ಕಾರ್ಡಿನಲ್ಲಿ 8,200 ಇರುವ ರೂಮಿಗೆ ಮಳೆಗಾಲದಲ್ಲಿ ಶೇಕಡಾ 10 ರಿಯಾಯಿತಿ ಸಿಕ್ಕಿ 7,380 ಆದರೆ ತೆರಿಗೆ ಶೇಕಡಾ 5. ಒಟ್ಟು 7,749. ರಿಯಾಯಿತಿ ಇಲ್ಲದೆ ಹೋಗಿದ್ದರೆ 9,676. ರಿಯಾಯಿತಿ 820 ರೂಪಾಯಿ, ಉಳಿದದ್ದು 1,927. ಎಂಟು ಸಾವಿರದ ಆಸುಪಾಸಿನ ರೂಮಿನಲ್ಲಿ ಚೌಕಾಸಿ ಮಾಡಲು ಸಂಕೋಚಪಡುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ. ‘ಸರ್, 7,500ರ ಒಳಗೆ ಮಾಡಿಕೊಡಿ’ ಎಂದರೆ ರಿಸೆಪ್ಷನ್‌ನಲ್ಲಿ ಕೂತವರಿಗೆ ಏನು ಕೇಳುತ್ತಿದ್ದೀರಿ ಎಂಬುದು ತಕ್ಷಣ ಅರ್ಥವಾಗುತ್ತದೆ. ಐದು ಸಾವಿರದ ರೂಮಿಗೋ ಹನ್ನೆರಡು ಸಾವಿರದ ರೂಮಿಗೋ ಈ ಉಪಾಯದಿಂದ ಪ್ರಯೋಜನವಿಲ್ಲ. ಅಲ್ಲಿ ರಿಯಾಯಿತಿ ಎಷ್ಟೋ ಅಷ್ಟು, ಮತ್ತು ಅದರ ಮೇಲಿನ ತೆರಿಗೆ.

ಎಕ್ಸ್-ಬ್ರೇಕ್‌ಫಾಸ್ಟ್ ಎಂದರೆ ತಿಂಡಿ ಬಿಟ್ಟು. ಕಾರಿನ ಎಕ್ಸ್-ಶೋರೂಂ ಬೆಲೆಯಲ್ಲಿ ನೋಂದಣಿ, ವಿಮೆ ಹೇಗೆ ಸೇರಿರುವುದಿಲ್ಲವೋ ಹಾಗೆ ಈ ದರದಲ್ಲಿ ತಿಂಡಿ ಸೇರಿಲ್ಲ. ಇದನ್ನು ‘ಎಕ್ಸ್‌ಟ್ರಾ ಬ್ರೇಕ್‌ಫಾಸ್ಟ್’ ಎಂದು ಓದಿಕೊಂಡು, ತಿಂಡಿ ಉಚಿತವಾಗಿ ಕೊಡುತ್ತಾರೆಂದು ಬೆಳಗ್ಗೆ ಎಂಟಕ್ಕೆ ಸಂಸಾರ ಸಮೇತ ಬಫೆ ಹಾಲಿಗೆ ನಡೆಯುವವರು ಕಡಿಮೆಯಿಲ್ಲ. ಹಾಲಿನ ಬಾಗಿಲಲ್ಲಿ ನಿಂತ ಹುಡುಗ ರೂಮ್ ನಂಬರ್ ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಆ ಗುರುತು ಚೆಕ್-ಔಟ್ ವೇಳೆಗೆ ಬಿಲ್ಲಾಗಿ ಬಂದಿರುತ್ತದೆ.

ಕೆಲವು ಕಾರ್ಡುಗಳಲ್ಲಿ ಈ ಮಾತೂ ಇರುವುದಿಲ್ಲ, ಬರೀ ಎರಡಕ್ಷರ ಇರುತ್ತವೆ. ಇಪಿ ಎಂದರೆ ರೂಮು ಮಾತ್ರ. ಸಿಪಿ ಎಂದರೆ ರೂಮು ಮತ್ತು ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ, ಮಧ್ಯಾಹ್ನದ್ದೋ ರಾತ್ರಿಯದ್ದೋ. ಎಪಿ ಎಂದರೆ ಮೂರೂ. ಯುರೋಪಿಯನ್, ಕಾಂಟಿನೆಂಟಲ್, ಅಮೆರಿಕನ್ ಪ್ಲಾನ್ ಎಂಬುವು ಇವುಗಳ ಪೂರ್ಣ ಹೆಸರು. ಆದರೆ ಸಿಪಿ ಇದ್ದಲ್ಲಿ ಬ್ರೆಡ್ಡು-ಬೆಣ್ಣೆಯೇ ಕೊಡುತ್ತಾರೆಂದೇನೂ ಇಲ್ಲ; ನಮ್ಮಲ್ಲಿ ಪೊಂಗಲ್, ವಡೆ, ಉಪ್ಪಿಟ್ಟು ಎಲ್ಲವೂ ಕಾಂಟಿನೆಂಟಲ್ ಪ್ಲಾನಿನಲ್ಲೇ ಬರುತ್ತವೆ.

ತಿಂಡಿಯನ್ನು ರೂಮಿನ ಜೊತೆ ಸೇರಿಸಿ ಒಂದೇ ದರ ಹೇಳಿದಾಗ ಕಾನೂನು ಅದನ್ನು ಎರಡು ವ್ಯಾಪಾರ ಎಂದು ನೋಡುವುದಿಲ್ಲ. ರೂಮೇ ಮುಖ್ಯ, ತಿಂಡಿ ಅದಕ್ಕೆ ಅಂಟಿಕೊಂಡು ಬಂದದ್ದು ಎಂದು ಭಾವಿಸಿ, ಒಟ್ಟು ಮೊತ್ತಕ್ಕೆ ರೂಮಿನ ತೆರಿಗೆಯನ್ನೇ ಹಾಕುತ್ತದೆ. ಜಿಎಸ್‌ಟಿ ಭಾಷೆಯಲ್ಲಿ ಇದಕ್ಕೆ ಕಾಂಪೊಸಿಟ್ ಸಪ್ಲೈ ಎನ್ನುತ್ತಾರೆ. ಹಾವೇರಿಯ ದಂಪತಿಯ ಬಿಲ್ಲು ಜಿಗಿದದ್ದು ಇದರಿಂದಲೇ. 7,200ರ ರೂಮು ಗೆರೆಯ ಒಳಗೆ ಸುರಕ್ಷಿತವಾಗಿತ್ತು. 700 ರೂಪಾಯಿಯ ತಿಂಡಿ ಅದಕ್ಕೆ ಸೇರಿ 7,900 ಆಯಿತು, ಗೆರೆ ದಾಟಿತು, ಆಗ ದೋಸೆಗೆ ಮಾತ್ರವಲ್ಲ, ಮಲಗಿದ ಮಂಚಕ್ಕೂ ಶೇಕಡಾ 18 ಬಿತ್ತು.

ಅವರು ಎಕ್ಸ್-ಬ್ರೇಕ್‌ಫಾಸ್ಟ್ ರೂಮು ತೆಗೆದುಕೊಂಡು ಅದೇ ಹೋಟೆಲಿನ ರೆಸ್ಟೋರೆಂಟಿನಲ್ಲಿ ಬೇರೆಯಾಗಿ ತಿಂಡಿ ತಿಂದಿದ್ದರೆ ಏನಾಗುತ್ತಿತ್ತು? ಬಫೆ ತಲೆಗೆ 400 ಎಂದೇ ಇಟ್ಟುಕೊಳ್ಳೋಣ, ಪ್ಯಾಕೇಜಿಗಿಂತ 50 ಹೆಚ್ಚು. ಇಬ್ಬರಿಗೆ 800. ರೆಸ್ಟೋರೆಂಟಿನ ತೆರಿಗೆ ಸಾಮಾನ್ಯವಾಗಿ ಶೇಕಡಾ 5. ಆದರೆ ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮನ್ನು ದಿನಕ್ಕೆ 7,500ಕ್ಕಿಂತ ಹೆಚ್ಚಿಗೆ ಕೊಟ್ಟಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಶೇಕಡಾ 18. ಈ ಹೋಟೆಲು ಅಂಥದ್ದೇ ಎಂದುಕೊಂಡರೂ ತಿಂಡಿಯ ಬಿಲ್ಲು 944. ರೂಮಿನ 7,560 ಸೇರಿ 8,504. ಪ್ಯಾಕೇಜಿಗಿಂತ 818 ಕಡಿಮೆ. ಹೊರಗೆ ಊರಿನ ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿಂದರೆ ಇನ್ನೂ ಕಡಿಮೆ ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಸಲ ರೂಮು ಹಿಡಿಯುವ ಹೆಚ್ಚಿನವರು ಈ ಗೆರೆಯ ಹತ್ತಿರವೂ ಸುಳಿಯುವುದಿಲ್ಲ, ಅದು ನಿಜ. ಮೈಸೂರಿನ ಲಾಡ್ಜಿನಲ್ಲಿ ರೂಮು 2,000, ತಿಂಡಿ ಸೇರಿ 2,300 ಇದ್ದರೆ ತೆರಿಗೆ ಎರಡಕ್ಕೂ ಶೇಕಡಾ 5. 2,100 ಅಥವಾ 2,415. ಇಬ್ಬರ ತಿಂಡಿಗೆ 315 ರೂಪಾಯಿ ಕೊಡಬೇಕೇ, ಪಕ್ಕದ ದರ್ಶಿನಿಯಲ್ಲಿ ಮುಗಿಸಬೇಕೇ ಎಂಬುದಷ್ಟೇ ಪ್ರಶ್ನೆ. ಆದರೆ ಮದುವೆ ವಾರ್ಷಿಕೋತ್ಸವಕ್ಕೋ ಮಗನ ಮೊದಲ ಸಂಬಳಕ್ಕೋ ಒಮ್ಮೆ ಒಳ್ಳೆಯ ಕಡೆ ಉಳಿಯೋಣ ಎಂದು ಹೊರಟಾಗ ತಲುಪುವುದು ಬಹಳ ಸಲ ಏಳು-ಎಂಟು ಸಾವಿರದ ಆ ಜಾಗಕ್ಕೇ.

ತಿಂಡಿ ಸೇರಿದೆ ಎಂದಾದ ಮೇಲೆ ಅದು ಯಾವ ಬೆಳಗಿನ ತಿಂಡಿ ಎಂಬುದೂ ತಿಳಿದಿರಬೇಕು. ತಿಂಡಿ ಯಾವಾಗಲೂ ರಾತ್ರಿಯ ಹಿಂದೆ ಬರುತ್ತದೆ. ನೀವು ಮಲಗಿ ಎದ್ದ ಮರುದಿನದ್ದು ನಿಮ್ಮದು, ಬಂದಿಳಿದ ದಿನದ್ದಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಏಳಕ್ಕೆ ಹೋಟೆಲು ತಲುಪಿ, ಬುಕಿಂಗ್‌ನಲ್ಲಿ ತಿಂಡಿ ಸೇರಿದೆಯಲ್ಲ ಎಂದು ನೇರವಾಗಿ ಬಫೆಗೆ ಹೋದರೆ ಆ ತಿಂಡಿಗೆ ದುಡ್ಡು ಕೊಡಬೇಕು. ಕೆಲವು ಹೋಟೆಲಿನವರು ದಾಕ್ಷಿಣ್ಯಕ್ಕೆ ಬಿಟ್ಟುಕೊಡುತ್ತಾರೆ. ಅದು ಅವರ ಒಳ್ಳೆಯತನ, ನಿಮ್ಮ ಹಕ್ಕಲ್ಲ. ಇನ್ನೊಂದು ಕಡೆ, ಮರುದಿನ ನಸುಕಿನಲ್ಲೇ ದೇವರ ದರ್ಶನಕ್ಕೋ ರೈಲಿಗೋ ಹೊರಡುವವರು ದುಡ್ಡು ಕೊಟ್ಟ ತಿಂಡಿಯನ್ನು ಬಿಟ್ಟೇ ಹೋಗುತ್ತಾರೆ. ಬಫೆ ತೆರೆಯುವುದು ಏಳೂವರೆಯ ಸುಮಾರಿಗೆ. ಹಿಂದಿನ ರಾತ್ರಿಯೇ ‘ಬೆಳಗ್ಗೆ ಐದಕ್ಕೆ ಹೊರಡುತ್ತೇವೆ, ಪಾರ್ಸಲ್ ಕೊಡುತ್ತೀರಾ?’ ಎಂದು ಕೇಳಿದರೆ ಸ್ಯಾಂಡ್‌ವಿಚ್, ಬಾಳೆಹಣ್ಣು, ಜ್ಯೂಸು ಕಟ್ಟಿಕೊಡುವ ಪದ್ಧತಿ ಅನೇಕ ಕಡೆ ಇದೆ. ಬೆಳಗ್ಗೆ ಐದಕ್ಕೆ ಕೇಳಿದರೆ ಅಡುಗೆಯವರು ಎದ್ದೇ ಇರುವುದಿಲ್ಲ.

ಇನ್ನು ಇನ್‌ಕ್ಲೂಸಿವ್ ಆಫ್ ಮೀಲ್ಸ್. ಮೂರು ಮಾತುಗಳಲ್ಲಿ ಇದೇ ಹೆಚ್ಚು ಸಡಿಲವಾದದ್ದು. ಎಷ್ಟು ಹೊತ್ತು ಎಂದು ಅದರಲ್ಲೇ ಹೇಳಿರುವುದಿಲ್ಲ. ಕೊಡಗಿನ ಹೋಂಸ್ಟೇಯಲ್ಲಿ ಊಟ ಸೇರಿದೆ ಎಂದರೆ ಅದು ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿ ಇರಬಹುದು. ಕಾಡಿನಂಚಿನ ರೆಸಾರ್ಟಿನಲ್ಲಿ ಮಧ್ಯಾಹ್ನದ ಊಟದಿಂದ ಶುರುವಾಗಿ ಸಂಜೆಯ ಕಾಫಿ, ರಾತ್ರಿಯೂಟ, ಮರುದಿನದ ತಿಂಡಿಯವರೆಗೆ ಬರುತ್ತದೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕಬಿನಿಯಂಥ ಕಡೆಗಳಲ್ಲಿ ಸಫಾರಿಯೂ ಇದರೊಳಗೇ ಸೇರಿರುತ್ತದೆ.

ಜೊತೆಗೆ ಇಂಥ ಕಡೆ ದರ ರೂಮಿಗಲ್ಲ, ತಲೆಗೆ. ಕಾರ್ಡಿನಲ್ಲಿ ‘ಪರ್ ಪರ್ಸನ್, ಟ್ವಿನ್ ಶೇರಿಂಗ್’ ಎಂದಿದ್ದರೆ ಇಬ್ಬರು ಒಂದು ರೂಮಿನಲ್ಲಿ ಉಳಿದಾಗ ಒಬ್ಬೊಬ್ಬರೂ ಕೊಡಬೇಕಾದ ಮೊತ್ತ ಅದು. 4,500 ಎಂದು ನೋಡಿ ಅಗ್ಗವೆಂದು ಹಿಗ್ಗಬೇಡಿ, ಇಬ್ಬರಿಗೆ 9,000. ಒಬ್ಬರೇ ಹೋದರೆ ಅರ್ಧಕ್ಕೆ ರೂಮು ಸಿಗುವುದಿಲ್ಲ, ಸಿಂಗಲ್ ದರ ಬೇರೆಯೇ ಇರುತ್ತದೆ ಮತ್ತು ಹೆಚ್ಚೇ ಇರುತ್ತದೆ.

ಊಟ ಸೇರಿದ ದರದಲ್ಲಿ ನಷ್ಟವಾಗುವುದು ಹೆಚ್ಚಾಗಿ ಗಡಿಯಾರದಿಂದ. ಮಧ್ಯಾಹ್ನ ಒಂದಕ್ಕೆ ಚೆಕ್-ಇನ್, ಆ ದಿನದ ಊಟದಿಂದ ಲೆಕ್ಕ ಶುರು. ದಾರಿಯಲ್ಲಿ ಬೇಲೂರು ನೋಡಿಕೊಂಡು ಸಂಜೆ ಐದಕ್ಕೆ ತಲುಪಿದರೆ ಆ ಊಟ ಹೋಯಿತು. ಅದರ ಹಣ ವಾಪಸು ಬರುವುದಿಲ್ಲ. ತಡವಾಗುತ್ತದೆ ಎಂದು ಮೊದಲೇ ಫೋನ್ ಮಾಡಿ ತಿಳಿಸಿದರೆ, ಅದರ ಬದಲು ಮರುದಿನ ಹೊರಡುವಾಗ ಊಟ ಕೊಡಲು ಕೆಲವರು ಒಪ್ಪುತ್ತಾರೆ. ನಮ್ಮ ಚಿಕ್ಕಮಗಳೂರಿನ ಕಾರ್ಡಿನಲ್ಲಿ ಎಲ್ಲಾ ಊಟ ಸೇರಿದ ದರ 10,400. ತೆರಿಗೆ ಸೇರಿ 12,272. ಬರೀ ರೂಮಿನ 7,560 ಕಳೆದರೆ ಇಬ್ಬರ ಒಂದು ದಿನದ ಹೊಟ್ಟೆಗೆ 4,712. ಬೆಳಗ್ಗೆ ಮುಳ್ಳಯ್ಯನಗಿರಿ ಹತ್ತಿ, ಮಧ್ಯಾಹ್ನ ಬಾಬಾಬುಡನ್‌ಗಿರಿಯಲ್ಲಿ ಸುತ್ತಿ, ರಾತ್ರಿಗಷ್ಟೇ ಹೋಟೆಲಿಗೆ ಮರಳುವವರು ಇದನ್ನು ಕೊಳ್ಳುವುದು ನನ್ನ ಪ್ರಕಾರ ದಂಡ. ತೋಟದ ನಡುವೆ, ಹತ್ತು ಕಿಲೋಮೀಟರ್ ಆಚೀಚೆ ಒಂದು ಚಹಾ ಅಂಗಡಿಯೂ ಇಲ್ಲದ ಕಡೆ ಮಾತ್ರ ಮಾತೇ ಬೇರೆ. ಅಲ್ಲಿ ಊಟ ಸೇರಿದ ದರವೇ ಸರಿ, ಇಲ್ಲದಿದ್ದರೆ ಪ್ರತಿ ಹೊತ್ತಿಗೂ ಅವರು ಹೇಳಿದಷ್ಟು ಕೊಡಬೇಕಾಗುತ್ತದೆ.

ಸೇರಿದೆ ಎಂಬ ಮಾತಿನ ಒಳಗೆ ಬರುವುದು ಬಫೆ ಅಥವಾ ನಿಗದಿಯಾದ ಊಟ, ಅದೂ ಡೈನಿಂಗ್ ಹಾಲಿನಲ್ಲಿ. ರೂಮಿಗೆ ತರಿಸಿಕೊಂಡರೆ ಅದು ಬೇರೆ ಬಿಲ್ಲು. ಬಾಟಲಿ ನೀರು, ಕೂಲ್‌ಡ್ರಿಂಕ್ಸ್, ಐಸ್‌ಕ್ರೀಂ, ಮಧ್ಯೆ ಮಧ್ಯೆ ಕುಡಿದ ಕಾಫಿ ಇವೂ ಸಾಮಾನ್ಯವಾಗಿ ಹೊರಗೇ. ಅಜ್ಜಿಗೆ ಮೆಟ್ಟಿಲು ಇಳಿಯಲಾಗದು, ಎರಡು ಇಡ್ಲಿ ಮೇಲೆ ಕಳಿಸಿ ಎನ್ನುವುದಿದ್ದರೆ ಮೊದಲೇ ರಿಸೆಪ್ಷನ್‌ನಲ್ಲಿ ಕಾರಣ ಹೇಳಿ ಒಪ್ಪಿಸಿಕೊಳ್ಳಿ.

ಅಜ್ಜಿಯ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಕಾರ್ಡಿನ ದರ, ಅದು ತಿಂಡಿ ಸೇರಿದ್ದಾಗಲಿ ಊಟ ಸೇರಿದ್ದಾಗಲಿ, ಡಬಲ್ ರೂಮಿನಲ್ಲಿ ಇಬ್ಬರಿಗೆ. ಮೂರನೆಯವರಿಗೆ ಎಕ್ಸ್‌ಟ್ರಾ ಬೆಡ್ ಹಾಕಿದರೆ ಅದರ ಹಣ ರೂಮಿನ ಬಾಡಿಗೆಗೇ ಕೂಡುತ್ತದೆ. 6,800ರ ರೂಮಿಗೆ 1,200ರ ಎಕ್ಸ್‌ಟ್ರಾ ಬೆಡ್ ಸೇರಿದರೆ 8,000, ಮತ್ತೆ ಅದೇ ಗೆರೆ ದಾಟಿತು, ತೆರಿಗೆ ಸೇರಿ 9,440. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಉಚಿತ ಎಂಬುದು ಒಂದೊಂದು ಹೋಟೆಲಿನಲ್ಲಿ ಒಂದೊಂದು ಥರ. ಮಗುವಿಗೆ ಬೆಡ್ ಬೇಡ, ನಮ್ಮ ಜೊತೆಯೇ ಮಲಗುತ್ತಾನೆ ಎಂದರೆ ಮಲಗುವುದು ಉಚಿತವಾಯಿತು. ತಿಂಡಿಗೆ ಮಾತ್ರ ಬೇರೆ ಲೆಕ್ಕ ಇರಬಹುದು. ಬುಕ್ ಮಾಡುವಾಗ ಮಗನ ವಯಸ್ಸನ್ನು ಹೇಳಿ, ಅವನ ತಿಂಡಿಯೂ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಫೋನಿನಲ್ಲಿ ಒಂದೇ ಪ್ರಶ್ನೆ ಸಾಕು: ‘ನಾವು ಇಷ್ಟು ಜನ, ಇಂಥ ದಿನ ಇಷ್ಟು ಹೊತ್ತಿಗೆ ಬಂದು ಇಷ್ಟು ಹೊತ್ತಿಗೆ ಹೊರಡುತ್ತೇವೆ, ಟ್ಯಾಕ್ಸು ಎಲ್ಲಾ ಸೇರಿ ಕೈಗೆ ಎಷ್ಟು ಬೀಳುತ್ತೆ? ತಿಂಡಿ ಬಿಟ್ಟರೆ ಎಷ್ಟು?’ ಎರಡು ಮೊತ್ತ ಹೇಳಿಸಿಕೊಂಡು, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ. ಹೀಗೆ ಕೇಳುವವರಿಗೆ ಕೌಂಟರಿನವರು ಬೇಸರಪಡುವುದಿಲ್ಲ. ಚೆಕ್-ಔಟ್ ಹೊತ್ತಿನ ವಾದಕ್ಕಿಂತ ಅವರಿಗೂ ಅದೇ ಹಿತ.

ಆ್ಯಪ್‌ನಲ್ಲಿ ಬುಕ್ ಮಾಡುವವರು ಮೊದಲ ಪುಟದ ದಪ್ಪ ಅಂಕಿಯನ್ನು ನಂಬದೆ, ಹಣ ಕಟ್ಟುವ ಮೊದಲು ಬರುವ ಕೊನೆಯ ಪುಟ ನೋಡಬೇಕು. ಅಲ್ಲಿ ತೆರಿಗೆ ಮತ್ತು ಶುಲ್ಕ ಎಂದು ಒಟ್ಟಿಗೆ ಇರುವುದರಲ್ಲಿ ಆ್ಯಪ್‌ನವರ ಸ್ವಂತ ಶುಲ್ಕವೂ ಸೇರಿರಬಹುದು. ಇನ್ನೊಂದು ಸೂಕ್ಷ್ಮವಿದೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಸಣ್ಣ ಹೋಂಸ್ಟೇಗಳು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಹಾಗಾಗಿ ನೇರವಾಗಿ ಹೋದವರಿಂದ ತೆರಿಗೆ ಕೇಳುವಂತಿಲ್ಲ. ಅದೇ ಹೋಂಸ್ಟೇಯನ್ನು ಆ್ಯಪ್ ಮೂಲಕ ಹಿಡಿದರೆ ತೆರಿಗೆ ಕಟ್ಟುವ ಹೊಣೆ ಆ್ಯಪ್‌ನವರದ್ದಾಗುತ್ತದೆ, ಬಿಲ್ಲಿನಲ್ಲಿ ಅದು ಬರುತ್ತದೆ. ಒಂದೇ ಮನೆಗೆ ಎರಡು ದರ ಕಂಡರೆ ಕಾರಣ ಇದೂ ಇರಬಹುದು.

ತೆರಿಗೆ ತೆಗೆದುಕೊಂಡವರು ಬಿಲ್ಲಿನ ಮೇಲೆ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿರಲೇಬೇಕು. ಅದು 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಬಿಳಿ ಚೀಟಿಯಲ್ಲಿ ಪೆನ್ನಿನಿಂದ ‘ಟ್ಯಾಕ್ಸ್’ ಎಂದು ಬರೆದು ಕೂಡಿದ್ದರೆ ಸಂಖ್ಯೆಯಿರುವ ಬಿಲ್ಲು ಕೇಳಿ. ತೆರಿಗೆಯ ಪಕ್ಕದಲ್ಲೇ ಶೇಕಡಾ 5 ಅಥವಾ 10 ಸರ್ವಿಸ್ ಚಾರ್ಜ್ ಎಂದಿದ್ದರೆ ಅದು ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದೂ ಇಲ್ಲ. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ‘ಇದನ್ನು ತೆಗೆದು ಬೇರೆ ಬಿಲ್ಲು ಕೊಡಿ’ ಎಂದರೆ ತೆಗೆಯಬೇಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಊಟ ಬಡಿಸಿದ ಹುಡುಗನಿಗೆ ಏನಾದರೂ ಕೊಡಬೇಕೆನಿಸಿದರೆ ಅವನ ಕೈಗೇ ಕೊಡಬಹುದು, ಅದಕ್ಕೆ ಜಿಎಸ್‌ಟಿ ಇಲ್ಲ.